ಬೆನ್ನುಪುಟದ ಶಾಂತಲಾ

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ಹೊನ್ನಾಳಿ ಸೇತುವೆ ಮೇಲೆ ನನ್ನ ಚಪ್ಪಲಿಯನ್ನು ತುಂಗಭದ್ರೆಗೆ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋಗುತ್ತೇನೆ.

ಬೆಳಗಿನ ಆರು ಗಂಟೆ. ಹೊನ್ನಾಳಿಯ ಡಿಟಿಪಿ ಅಂಗಡಿಯಲ್ಲಿ ಶಾಂತಲಾ ಪರದೆಯ ಮೇಲಿನ ಪದಗಳನ್ನು ಅಳಿಸುತ್ತಿದ್ದಾರೆ. ಸುತ್ತಲಿನ ಲೇಖಕರ ಪುಸ್ತಕಗಳಿಗೆ ಬೆನ್ನುಪುಟದ ಪರಿಚಯ ಬರೆಯುವುದು ಇವರ ಕೆಲಸ. ಕೀಬೋರ್ಡಿನಲ್ಲಿ ಡಿಲೀಟ್ ಕೀ ಮಾತ್ರ ಸವೆದು ಕನ್ನಡಿಯಾಗಿದೆ. ಅದರಲ್ಲಿ ನೋಡಿಕೊಂಡೇ ಬೊಟ್ಟು ಸರಿಮಾಡಿಕೊಳ್ಳುತ್ತಾರೆ. ಒಮ್ಮೆ ಚನ್ನಗಿರಿಯ ಕವಿಯೊಬ್ಬರ ಬಿರುದುಗಳನ್ನೆಲ್ಲ ತೆಗೆದಾಗ ಅವರ ಊರು ಮತ್ತು ಫೋನ್ ನಂಬರ್ ಮಾತ್ರ ಉಳಿದಿದ್ದವು.

"ಮೇಲೆ ಫೋಟೋ, ಕೆಳಗೆ ಬಾರ್‌ಕೋಡು, ಬೆಲೆ. ನಡುವೆ ಉಳಿಯೋದು ಅಂಗೈಯಷ್ಟು ಜಾಗ. ಅದರಾಗೆ 'ನಾದಲೋಕದ ಧ್ರುವತಾರೆ' ಅಂತ ಬರೆದ್ರೆ ಮನುಷ್ಯನ್ನ ಎಲ್ಲಿಡ್ಲಿ?" ಎನ್ನುತ್ತಾರೆ. "ನನ್ನ ಹೆಸರಾ? ಬಾರ್‌ಕೋಡ್ ಕೆಳಗೆ ಹೂತು ಹೋಗೈತೆ ಬಿಡ್ರಿ."

ಇವತ್ತು ಮುಂದೆ ಕೂತಿರುವವರು ಜಗಳೂರಿನ ತಿಪ್ಪೇಶಪ್ಪ. ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತ, ಹಾಡುಗಳಿಗೆ ಧಾಟಿ ಕಟ್ಟುತ್ತ ಬಂದವರು. ಅವರ ಬಗ್ಗೆ ಗುರುಬಸವರಾಜ್ ಬರೆದ ಪುಸ್ತಕ ಹತ್ತು ಗಂಟೆಗೆ ಪ್ರೆಸ್ಸಿಗೆ ಹೋಗಬೇಕು. ಅಜ್ಜನ ಆಸೆ ಒಂದೇ. ನ್ಯಾಮತಿ ಕಡೆ ಮದುವೆಯಲ್ಲಿ ಬಾಗಿಲು ತಡೆದು ಹೆಂಗಸರು ಹಾಡುವ ಹಾಡಿನ ಧಾಟಿ ತನ್ನದೆಂದು ಅಚ್ಚಾಗಬೇಕು.

"ಅದು ಜನಪದ ಅಂತಾರೆ ಎಲ್ರೂ. ಸುಮ್ನೆ ಜಗಳ ಯಾಕೆ?" ಎಂದು ಪಕ್ಕದಲ್ಲಿ ಕೂತ ಗುರುಬಸವರಾಜ್ ಹಿಂಜರಿಯುತ್ತಾರೆ.

"ಜಗಳೂರಿನೋನು ಜಗಳಕ್ಕೆ ಹೆದರ್ತಾನೇನೋ!" ಅಜ್ಜ ರೇಗುತ್ತಾರೆ.

ಶಾಂತಲಾ ನ್ಯಾಮತಿಯ ಹಾಡುಗಾರ್ತಿ ಅಜ್ಜಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತುತ್ತಾರೆ. ಅಜ್ಜಮ್ಮ ರೊಟ್ಟಿ ಬಡಿಯುತ್ತಲೇ ಆ ಹಾಡು ಹಾಡುತ್ತಾರೆ. ಒಂದು ಕಡೆ ದನಿ ಗಾಂಧಾರ ಸ್ವರದಿಂದ ಪಂಚಮಕ್ಕೆ ಟಣ್ಣನೆ ಹಾರುತ್ತದೆ.

"ನಡುವಿನ ಮಧ್ಯಮ ಎಲ್ಲಿ ಹೋತು ಅಜ್ಜಿ?" ಶಾಂತಲಾ ಕೇಳುತ್ತಾರೆ.

"ನನಗೇನ್ ಗೊತ್ತವ್ವ! ನಮ್ಮತ್ತಿ ನಾಟಕ ನೋಡ್ಕಂಡು ಬಂದು ಕಲಿಸಿದ್ಲು. ಹಾರು ಅಂದ್ಲು, ಹಾರಿದೆ."

ಅಜ್ಜ ತೊಡೆ ತಟ್ಟುತ್ತಾರೆ. "ಆ ನಾಟಕದಾಗೆ ಹಾರ್ಮೋನಿಯಂ ಪೆಟ್ಟಿಗೆ ನಂದೇ! ಮಧ್ಯಮದ ಕೀ ಇಲಿ ಕಡಿದು ಕೆಟ್ಟಿತ್ತು. ಅದನ್ನ ಬಿಟ್ಟೇ ಧಾಟಿ ಕಟ್ಟಿದ್ದೆ!"

"ಅಯ್ಯೋ, ಇಷ್ಟು ವರ್ಷ ಇಲಿ ಕಾಟಕ್ಕೆ ಹಾರಿದ್ವಾ ನಾವು?" ಫೋನಿನೊಳಗೆ ಅಜ್ಜಮ್ಮ ನಗುತ್ತಾರೆ.

ಇಲಿಯ ಕತೆಯೂ ನಾಟಕದ ಕತೆಯೂ ಪುಸ್ತಕದಲ್ಲಿ ಮೊದಲೇ ಇವೆ, ಮದುವೆ ಹಾಡಿನ ನಂಟು ಮಾತ್ರ ಇಲ್ಲ. ಒಳಗೆ ಇಲ್ಲದ್ದು ಬೆನ್ನ ಮೇಲೆ ಬರಬಾರದೆಂಬುದು ಶಾಂತಲಾರ ನಿಯಮ. ಗುರುಬಸವರಾಜ್ ನಗುತ್ತಲೇ ಒಳಪುಟಕ್ಕೊಂದು ಸಾಲು ಸೇರಿಸುತ್ತಾರೆ. ಶಾಂತಲಾ ಎರಡು ಸನ್ಮಾನ, ಒಂದು ಧ್ರುವತಾರೆ ಅಳಿಸಿ ಜಾಗ ಮಾಡುತ್ತಾರೆ. ಮುದ್ರಿಸಿದ ಕರಡು ಹಾಳೆಯನ್ನು ಅಜ್ಜನ ಕೈಗಿತ್ತು, ಪರದೆ ನೋಡಿ ಓದುತ್ತಾರೆ:

"ತಿಪ್ಪೇಶಪ್ಪ ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಲ್ಲಿ. ಹಳ್ಳಿ ನಾಟಕಗಳ ಹಾರ್ಮೋನಿಯಂ ಮಾಸ್ತರರು. ನ್ಯಾಮತಿ ಸೀಮೆಯ ಮದುವೆಗಳಲ್ಲಿ ಬಾಗಿಲು ತಡೆದು ಹಾಡುವ ಹಾಡಿನ ಧಾಟಿ ಇವರದು..."

ಅಜ್ಜ ಎದ್ದು ಚಪ್ಪಲಿ ಮೆಟ್ಟುತ್ತಾರೆ.

"ಇನ್ನೂ ಐತೆ ಕುಂದ್ರಿ ಅಜ್ಜ!"

"ನೀನು ಓದ್ತಿರವ್ವ. ನ್ಯಾಮತಿ ಬಸ್ಸು ಬಂತು, ಅಜ್ಜಮ್ಮಗೆ ತೋರಿಸ್ಬೇಕು!"

ಹಾಳೆ ಬೀಸುತ್ತ ಅಜ್ಜ ರಸ್ತೆ ದಾಟುತ್ತಾರೆ. ಶಾಂತಲಾ ಖಾಲಿ ಕುರ್ಚಿಗೇ ಓದು ಮುಂದುವರಿಸುತ್ತಾರೆ: "ಸದ್ಯ ಜಗಳೂರಿನಲ್ಲಿ ವಿಶ್ರಾಂತ ಜೀವನ..."