ಮಂಗಳವಾರದ ಕಲೆಕ್ಷನ್

ಬೆಟ್ಟಸ್ವಾಮಿಗೆ ಬಾಯಿಗಿಂತ ಕೈ ಮುಂದು. ಹುಲ್ಲಹಳ್ಳಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವನು ಮೇಸ್ತ್ರಿಯ ಮೂಗು ಒಡೆದು, ಕೆಲಸ ಕಳೆದುಕೊಂಡು ಮನೆಗೆ ಬಂದ. ಆಮೇಲೆ ಸೋಮವಾರ ಮಾತ್ರ ನನ್ನ ಆಟೋ ಓಡಿಸತೊಡಗಿದ. ಸೋಮವಾರವೇ ಏಕೆಂದರೆ, ಭಾನುವಾರ ಕುಡಿದರೆ ನಾನು ಸೋಮವಾರ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಮಲಗಿದ್ದಲ್ಲಿಗೇ ಎಂಬತ್ತು ರೂಪಾಯಿ ಬಾಡಿಗೆ ಬರುತ್ತಿತ್ತು, ನನಗೇನು ಕಷ್ಟ?

ನಂಜನಗೂಡಿನಲ್ಲಿ ಸೋಮವಾರವೆಂದರೆ ದೇವಸ್ಥಾನಕ್ಕೆ ಬರುವವರು ಆಟೋ ಮೇಲೆ ಬೀಳುತ್ತಾರೆ. ನಾಲ್ಕು ಸೋಮವಾರ, ಅದರಲ್ಲೊಂದು ಹುಣ್ಣಿಮೆ, ಓಡಿಸಿದ ಬೆಟ್ಟನಿಗೆ ತಲೆ ತಿರುಗಿತು. ಅದು ಎರಡು ಸಾವಿರದ ಒಂದನೇ ಇಸವಿ. ಒಂದು ಸಂಜೆ ಅವನ ಮನೆ ಜಗಲಿಯ ಮೇಲೆ ಕೂತು ನಾವಿಬ್ಬರೂ ಇದ್ದಿಲಿನಲ್ಲಿ ಗೋಡೆಯ ಮೇಲೆ ಲೆಕ್ಕ ಬರೆದೆವು. ದಿನಕ್ಕೆ ಮುನ್ನೂರ ಮೂವತ್ತು ಬಂದರೆ, ಪೆಟ್ರೋಲು ಆಯಿಲಿಗೆ ನೂರ ಇಪ್ಪತ್ತು ಹೋಗಿ ಇನ್ನೂರ ಹತ್ತು. ಮೂವತ್ತು ದಿನಕ್ಕೆ ಆರು ಸಾವಿರದ ಮುನ್ನೂರು. ನರಸೀಪುರದ ಫೈನಾನ್ಸಿನವರು ಐವತ್ತಾರು ಸಾವಿರ ಸಾಲ ಕೊಟ್ಟರೆ ಇಪ್ಪತ್ತನಾಲ್ಕು ತಿಂಗಳು ಮೂರು ಸಾವಿರದ ಮೂವತ್ತರಂತೆ ಕಂತು. ಕಂತು ಕಟ್ಟಿಯೂ ಮನೆಗೆ ಮೂರು ಸಾವಿರದ ಮೇಲೆ! ಮೂವತ್ತರಿಂದ ಗುಣಿಸಿದವನು ನಾನೇ.

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅವನ ಹೆಂಡತಿ ಪುಟ್ಟಲಕ್ಷ್ಮಿ ಚೊಂಬು ಹಿಡಿದು ಬಂದು ಗೋಡೆ ನೋಡಿದಳು. ಏಳನೇ ಕ್ಲಾಸು ಓದಿದವಳು.

“ಇದೆಲ್ಲ ಸ್ವಾಮಾರದ್ದು. ಮಂಗ್ಳಾರ ಏಟು ದುಡ್ಡು ಬತ್ತದೆ?”

ಬೆಟ್ಟ ಕೂತಲ್ಲಿಂದಲೇ ಕೆನ್ನೆಗೆ ಬಾರಿಸಿದ. ಚೊಂಬು ಉರುಳಿ ಹಾಲೆಲ್ಲ ಅಂಗಳಕ್ಕೆ ಹರಿಯಿತು. “ಶುಭ ಕಾರ್ಯದಲ್ಲಿ ಅಪಶಕುನ ಆಡ್ತೀಯಾ!” ಎಂದ. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವಳ ಸರ, ಓಲೆ ಮಾರಿದ ದುಡ್ಡು ಮುಂಗಡಕ್ಕೆ ಹೋಯಿತು, ಹೊಸ ಆಟೋ ಬಂತು. ಮಂಗಳವಾರವೂ ಬಂತು. ನಂಜನಗೂಡಿನ ಸ್ಟ್ಯಾಂಡಿನಲ್ಲಿ ಹನ್ನೆರಡನೆಯವನಾಗಿ ನಿಂತು ಬೆಟ್ಟ ಬೀಡಿ ಸೇದಿದ. ಕಲೆಕ್ಷನ್ ಇನ್ನೂರು. ಪೆಟ್ರೋಲಿಗೆ ತೊಂಬತ್ತು ಕಳೆದರೆ ನೂರ ಹತ್ತು. ತಿಂಗಳಿನ ಇಪ್ಪತ್ತಾರು ದಿನವೂ ಹೀಗೇ. ಸೋಮವಾರದ್ದೆಲ್ಲ ಸೇರಿಸಿದರೂ ಮೂರು ಸಾವಿರದ ಏಳುನೂರು. ಕಂತು ಕಟ್ಟಿದರೆ ಮನೆಗೆ ಉಳಿಯುವುದು ಆರುನೂರ ಎಪ್ಪತ್ತು. ಟೈರು ಪಂಚರಾದರೆ ಅದೂ ಇಲ್ಲ. ಐದು ಕಂತು ಹಲ್ಲು ಕಚ್ಚಿ ಕಟ್ಟಿದ. ಮುಂದಿನ ಮೂರು ತಪ್ಪಿದವು. ಕಂತು ತಪ್ಪಿದ ದಿನವೆಲ್ಲ ಪುಟ್ಟಲಕ್ಷ್ಮಿಯ ಬೆನ್ನ ಮೇಲೆ ಬಾಸುಂಡೆ.

ಒಂದು ಗುರುವಾರ ಬೆಳಿಗ್ಗೆ ಫೈನಾನ್ಸಿನ ಜೀಪು ಸ್ಟ್ಯಾಂಡಿಗೆ ನುಗ್ಗಿತು. ನಾಲ್ಕು ಜನ. ಒಬ್ಬ ಆಟೋ ಕೀಲಿಗೆ ಕೈ ಹಾಕಿದ.

“ಮುಟ್ಬೇಡ ಕಣ್ಲಾ!” ಎಂದು ಬೆಟ್ಟ ಸೀಟಿನಡಿಯಿಂದ ವೀಲ್ ಸ್ಪ್ಯಾನರ್ ಎಳೆದು ಆ ಕೈಗೇ ಇಳಿಸಿದ. ಮೂಳೆ ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಉಳಿದ ಮೂವರು ಅವನನ್ನು ಕೆಡವಿ, ಅದೇ ಸ್ಪ್ಯಾನರ್ ಕಸಿದುಕೊಂಡು ಮುಖಕ್ಕೆ ಬೀಸಿದರು. ದವಡೆ ಮುರಿಯಿತು. ಎರಡು ಹಲ್ಲು ಟಾರಿನ ಮೇಲೆ ಬಿದ್ದವು. ಹನ್ನೊಂದು ಜನ ಡ್ರೈವರುಗಳಿದ್ದೆವು, ಒಬ್ಬರೂ ಅಲ್ಲಾಡಲಿಲ್ಲ. ನಮ್ಮ ಗಾಡಿಗಳ ಮೇಲೂ ಕಂತಿತ್ತು. ಆಟೋ ಹೋಯಿತು.

ಎರಡೂ ಕಡೆ ಏಟಾಗಿದ್ದರಿಂದ ಪೊಲೀಸರು ರಾಜಿ ಮಾಡಿಸಿದರು. ಆಸ್ಪತ್ರೆಯಿಂದ ದವಡೆಗೆ ತಂತಿ ಬಿಗಿಸಿಕೊಂಡು ಬಂದ ಬೆಟ್ಟ ಜಗಲಿಯ ಮೇಲೆ ಬಿದ್ದುಕೊಂಡ. ಬಾಕಿ ಕಟ್ಟಲು ಫೈನಾನ್ಸಿನವರು ಹದಿನೈದು ದಿನ ಕೊಟ್ಟರು. ಕಟ್ಟದಿದ್ದರೆ ಆಟೋ ಹರಾಜು.

ಹದಿಮೂರನೇ ದಿನ ಪುಟ್ಟಲಕ್ಷ್ಮಿ ನನ್ನನ್ನು ನರಸೀಪುರಕ್ಕೆ ಕರೆದಳು. ತವರಿನವರು ಕೊಟ್ಟ ಹಸುವನ್ನು ಅವತ್ತು ಮುಂಜಾನೆ ಬೆಟ್ಟ ಏಳುವ ಮುಂಚೆಯೇ ಹತ್ತು ಸಾವಿರಕ್ಕೆ ಮಾರಿದ್ದಳು. ಮೂರು ಕಂತು, ಜೀಪಿನ ಖರ್ಚು ಎಲ್ಲ ಎಣಿಸಿಟ್ಟಳು. ಮ್ಯಾನೇಜರ್ ಗಂಗಾಧರಸ್ವಾಮಿ, “ಮುಂದಿನ ಕಂತು ಎಲ್ಲಿಂದಮ್ಮ?” ಎಂದ. ಅವಳು ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ಹುಲ್ಲಹಳ್ಳಿಯ ಹತ್ತು ಮಕ್ಕಳ ಹೆಸರು. ಸ್ಕೂಲಿಗೆ ಬಿಟ್ಟು ಕರೆತರಲು ತಲೆಗೆ ನೂರೈವತ್ತು, ಪೆಟ್ರೋಲು ಕಳೆದು ತಿಂಗಳಿಗೆ ಸಾವಿರ.

“ಇದ್ಕೆ ಸ್ವಾಮಾರವೂ ಒಂದೇ, ಮಂಗ್ಳಾರವೂ ಒಂದೇ ಸಾ. ಒಟ್ಟೆ ಕಟ್ಕಂಡಾರೂ ಕಂತು ಕಟ್ತೀವಿ.”

ಆಟೋ ಮನೆ ಮುಂದೆ ನಿಲ್ಲಿಸಿದಾಗ ಬೆಟ್ಟ ಎದ್ದು ಕೂತ. ಕೊಟ್ಟಿಗೆ ಖಾಲಿ ಇರುವುದು ಕಣ್ಣಿಗೆ ಬಿತ್ತು. ತನ್ನನ್ನು ಕೇಳದೆ ಹಸು ಮಾರಿದ್ದಾಳೆ! ಅವನ ಕೈ ಮೇಲೆದ್ದಿತು. ಈ ಸಲ ನಾನು ನಗಲಿಲ್ಲ. ಅಡ್ಡ ಹೋಗಲು ಹೆಜ್ಜೆ ಮುಂದಿಟ್ಟೆ.

ಪುಟ್ಟಲಕ್ಷ್ಮಿ ನನ್ನನ್ನು ತಡೆದಳು. ಗೋಡೆಯ ಮೇಲಿನ ಇದ್ದಿಲ ಲೆಕ್ಕದ ಪಕ್ಕದಲ್ಲಿ ನಿಂತು, ಅವತ್ತು ಏಟು ಬಿದ್ದ ಕೆನ್ನೆಯನ್ನೇ ಅವನ ಮುಂದೆ ಹಿಡಿದಳು.

“ಒಡೀರಿ. ಮಂಗ್ಳಾರ ಏಟು ದುಡ್ಡು ಬತ್ತದೆ ಅಂತ ಮೊದ್ಲು ಯೋಳ್ಬುಟ್ಟು ಒಡೀರಿ.”

ತಂತಿ ಬಿಗಿದ ಬಾಯಿಂದ ಅವನಿಗೆ ಮಾತು ಹೊರಡಲಿಲ್ಲ. ಎತ್ತಿದ ಕೈಯಲ್ಲೇ ಮೆಲ್ಲಗೆ ಎರಡು ಬೆರಳು ತೋರಿಸಿದ. ಇನ್ನೂರು.