ಕೋದಂಡರಾಮಯ್ಯ ಮೇಷ್ಟ್ರ ಗೆರೆ

ನಮ್ಮ ದೊಡ್ಡಬಳ್ಳಾಪುರದಲ್ಲಿ ಕೋದಂಡರಾಮಯ್ಯ ಮೇಷ್ಟ್ರಷ್ಟು ಸಿಡುಕರು ಇನ್ನೊಬ್ಬರಿರಲಿಲ್ಲ. ಮದುವೆಯಾಗಿರಲಿಲ್ಲ. ರಿಟೈರಾದ ಮೇಲೆ ಮಾತಾಡಿಸೋಕೆ ಅಂತ ಅವರ ಮನೆಗೆ ಒಬ್ಬರೂ ಹೋಗ್ತಿರಲಿಲ್ಲ. ನಾನು ಪಾಠ ಹೇಳಿಸಿಕೊಳ್ಳೋಕೆ ಹೋಗಿದ್ದು ಗತಿಯಿಲ್ಲದೆ. ಪಿ.ಯು.ಸಿ.ಯಲ್ಲಿ ಅರ್ಥಶಾಸ್ತ್ರ ಒಂದರಲ್ಲೇ ಫೇಲಾಗಿದ್ದೆ. ಇನ್ನೊಂದು ಸಲ ಡುಮ್ಕಿ ಹೊಡೆದರೆ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಕೂತ್ಕೋ ಅಂತ ಅಪ್ಪ ಹೇಳಿಬಿಟ್ಟಿದ್ದರು. ನನಗೆ ಟೀಚರ್ ಆಗಬೇಕಿತ್ತು.

ನನ್ನ ತೊಂದರೆಯೆಲ್ಲ ಗ್ರಾಫಿನದು. ನೇಕಾರರ ಮನೆಯವಳು ನಾನು. ಸೀರೆ ಬೆಲೆ ಒಂದು ರೂಪಾಯಿ ಇಳಿದರೂ ನಮ್ಮನೇಲಿ ಒಲೆ ತಣ್ಣಗಾಗುತ್ತಿತ್ತು. ಹಾಗಾಗಿ ಗೆರೆ ಚೂರು ಬಾಗಿದರೂ ‘ಪಾತಾಳಕ್ಕೆ ಧುಮುಕಿತು’ ಅಂತ ಬರೆದುಬಿಡ್ತಿದ್ದೆ.

“ಧುಮುಕೋಕೆ ಅದೇನು ಬಾವಿಯೇನಮ್ಮಾ?” ಅಂತ ಮೇಷ್ಟ್ರು ಸಿಡುಕಿದರು. “ಗೆರೆ ನೋಡಿ ಹೆದರಬೇಡ, ಪಕ್ಕದ ಅಂಕಿ ನೋಡು. ನೂರರಿಂದ ತೊಂಬತ್ತೆಂಟಾದರೆ ಸ್ವಲ್ಪ ಇಳಿಯಿತು. ಒಂದೇ ವರ್ಷಕ್ಕೆ ನಲವತ್ತಾದರೆ ಕುಸಿಯಿತು. ಅದೇ ನಲವತ್ತಕ್ಕೆ ಹತ್ತು ವರ್ಷ ಹಿಡಿದರೆ ಕ್ರಮೇಣ ಇಳಿಯಿತು. ಏರೋದಕ್ಕೂ ಇದೇ ಲೆಕ್ಕ. ಇರೋದನ್ನ ಬರಿ, ನಿನ್ನ ಸಂಕಟ ಬರೀಬೇಡ.”

ಪರೀಕ್ಷೆಗೆ ಮುಂಚಿನ ಕೊನೇ ಪಾಠದ ದಿನ ತಾವೇ ಒಂದು ಗ್ರಾಫು ಎಳೆದುಕೊಟ್ಟರು. ಕೆಳಗೆ ಇಸವಿಗಳು, ಪಕ್ಕದಲ್ಲಿ ಒಂದರಿಂದ ಆರು. ಯಾವುದರ ಲೆಕ್ಕ ಅಂತ ಬರೆದಿರಲಿಲ್ಲ.

ನಾನು ಬರೆದೆ: ‘1952ರಿಂದ 1967ರವರೆಗೆ ಒಂದರಿಂದ ಆರಕ್ಕೆ ಕ್ರಮೇಣ ಏರಿತು. 1968ರಲ್ಲಿ ಒಮ್ಮೆಲೇ ಒಂದಕ್ಕೆ ಕುಸಿಯಿತು. ಆಮೇಲೆ ಇಂದಿನವರೆಗೆ ಬದಲಾವಣೆಯಿಲ್ಲ.’

“ಸರಿಯಾಗಿದೆ,” ಅಂದರು. ಅವರ ಬಾಯಲ್ಲಿ ಆ ಮಾತು ಅಪರೂಪ. ನನಗೆ ಹಿಗ್ಗೋ ಹಿಗ್ಗು.

“ಇದು ಯಾವುದರ ಲೆಕ್ಕ ಮೇಷ್ಟ್ರೇ?”

“ಈ ಮನೇಲಿ ರಾತ್ರಿ ಊಟಕ್ಕೆ ಕೂರೋರದು. ಹಳ್ಳಿಯಿಂದ ಓದೋಕೆ ಬಂದ ಹುಡುಗರು ಇಲ್ಲೇ ಇರ್ತಿದ್ರು. ಅರವತ್ತೆಂಟರಲ್ಲಿ ಹಾಸ್ಟೆಲ್ ಆಯ್ತು. ಒಳ್ಳೇದೇ ಆಯ್ತು ಬಿಡು.”

‘ಬದಲಾವಣೆಯಿಲ್ಲ’ ಅಂತ ಎಷ್ಟು ಸಲೀಸಾಗಿ ಬರೆದಿದ್ದೆ! ಎದ್ದು ಅಡುಗೆಮನೆಗೆ ಹೋಗಿ ಎರಡು ತಟ್ಟೆ ತಂದೆ. ತಣ್ಣನೆಯ ಮುದ್ದೆ, ಹುರುಳಿ ಸಾರು ಇತ್ತು. ಅವರೂ ಬಂದು ಕೂತರು. ಉಂಡಾದ ಮೇಲೆ ಗ್ರಾಫಿನಲ್ಲಿ ಆ ವರ್ಷದ, ಅಂದರೆ 1974ರ ನೇರಕ್ಕೆ, ಎರಡರ ಮೇಲೆ ಒಂದು ಚುಕ್ಕಿ ಇಟ್ಟೆ.

“ಸ್ವಲ್ಪ ಏರಿತು ಅಂತ ಬರಿ,” ಅಂದರು.

“ಯಾಕೆ ಮೇಷ್ಟ್ರೇ? ಒಂದು ಎರಡಾದರೆ ದುಪ್ಪಟ್ಟು. ಜಿಗಿಯಿತು ಅಂತಲೇ ಬರೀಬೇಕು.”

ಅವರು ನಕ್ಕಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಪರೀಕ್ಷೆಯಲ್ಲಿ ಗ್ರಾಫಿನ ಪ್ರಶ್ನೆ ಬಂತು, ಪಾಸಾದೆ. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿ ತುಮಕೂರಿಗೆ ಹೊರಟ ದಿನ ಹೇಳಿ ಹೋಗೋಕೆ ಅವರ ಮನೆಗೆ ಹೋದೆ. ಗ್ರಾಫಿನ ಹಾಳೆ ಗೋಡೆಯ ಮೇಲಿತ್ತು. ನನ್ನ ಚುಕ್ಕಿಯ ಮುಂದೆ, ಒಂದರ ನೇರಕ್ಕೆ, ಅವರೇ ಇನ್ನೊಂದು ಚುಕ್ಕಿ ಇಟ್ಟಿದ್ದರು.

“ಸ್ವಲ್ಪ ಇಳಿಯಿತು, ಅಷ್ಟೇ,” ಅಂದರು ಮೇಷ್ಟ್ರು.

ಅರ್ಧಕ್ಕರ್ಧ ಹೋದರೆ ಅದಕ್ಕೆ ಯಾವ ಪದ ಅಂತ ಅವರೇ ಕಲಿಸಿದ್ದರು. ನಾನು ತಿದ್ದಲಿಲ್ಲ.