ಎರಡು ಕೊಡ ಕುಡಿಯುವ ಪಂಪು

ದಾಂಡೇಲಿಯ ನಮ್ಮ ಸೊಸೈಟಿಯಲ್ಲಿ ಹನ್ನೆರಡು ಮನೆಗಳಿದ್ದವು. ನಮ್ಮದು ಮೂರನೆಯ ಅಂತಸ್ತು. ನಳದ ನೀರು ಬೆಳಗಿನ ಜಾವ ಬಂದು ಅಂಗಳದ ಸಂಪಿನಲ್ಲಿ ತುಂಬುತ್ತಿತ್ತು. ಅಲ್ಲಿಂದ ಪಂಪು ಅದನ್ನು ಮಾಳಿಗೆಯ ಟಾಕಿಗೆ ಏರಿಸಿದರೆ ಮಾತ್ರ ನಮ್ಮ ನಲ್ಲಿಗಳಿಗೆ ಜೀವ. ಪಂಪು ಕೆಟ್ಟ ದಿನ ಸಂಪಿನಿಂದ ಸೇದಿ, ಐವತ್ತೆರಡು ಮೆಟ್ಟಿಲು ಹತ್ತಿ ನೀರು ಹೊರಬೇಕು. ಮೆಟ್ಟಿಲು ಎಷ್ಟಿವೆ ಎಂದು ಹೊತ್ತವರಿಗೇ ಗೊತ್ತಿರುತ್ತದೆ.

ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನಗೆ ತವರಿನಿಂದ ಬಂದ ರೂಢಿ. ಹಾಲು ಒಡೆಯಲಿಲ್ಲ, ಒಂದು ಬೆರಳು. ಮಗಳ ಕೆಮ್ಮು ಇಳಿಯಿತು, ಇನ್ನೊಂದು. ನಲ್ಲಿಯಲ್ಲಿ ನೀರು ಬಂತು ಎಂಬುದಕ್ಕೆ ಹೆಬ್ಬೆರಳು ಮೀಸಲು. ತೊಂಬತ್ತರ ದಶಕದ ಕೊನೆಯ ಆ ವರ್ಷ ಶ್ರಾವಣದಿಂದ ನವರಾತ್ರಿಯೊಳಗೆ ನಾಲ್ಕು ಸಲ ಹೆಬ್ಬೆರಳು ಮಡಚದೆ ಉಳಿಯಿತು.

ನಮ್ಮ ಮನೆಯವರು ಸೊಸೈಟಿಯ ಸೆಕ್ರೆಟರಿ. ಪಂಪು ಕೂರಿಸಿದವನೂ ಅದರ ದುರಸ್ತಿ ನೋಡಿಕೊಳ್ಳುವವನೂ ಹಳಿಯಾಳದ ಒಬ್ಬ ಕಾಂಟ್ರ್ಯಾಕ್ಟರ್. ಮೊದಲ ಎರಡು ಸಲ ಪಂಪಿನ ನೀರು ಸೋರದಂತೆ ತಡೆಯುವ ಸೀಲು ಸುಟ್ಟಿತು. ಮೂರನೆಯ ಸಲ ಸೀಲಿನಿಂದ ಸೋರಿದ ನೀರು ಮೋಟರಿಗೆ ಇಳಿದು ಒಳಗಿನ ತಂತಿ ಸುಟ್ಟಿತು. ನಾಲ್ಕನೆಯ ಸಲ ಮತ್ತೆ ಸೀಲು. ಬಂದಾಗಲೆಲ್ಲ ಅವನು ಹೇಳಿದ್ದು ಒಂದೇ ಮಾತು: ಪಂಪಿಗೆ ನೀರು ಕುಡಿಸದೆ ಬಟನ್ ಒತ್ತಿದ್ದಾರೆ, ಒಣಗಿದ ಪಂಪು ತಿರುಗಿ ಸುಟ್ಟಿದೆ.

ಒತ್ತುವವರು ಯಾರು? ನಮ್ಮ ವಾಚ್‌ಮನ್. ತೇರಗಾಂವದವನು, ಅರವತ್ತು ದಾಟಿದ ಮನುಷ್ಯ. ಹೊಲದ ಕೆಲಸಕ್ಕೆ ಮೊಣಕಾಲು ಒಲ್ಲೆ ಎಂದ ಮೇಲೆ ನಮ್ಮಲ್ಲಿಗೆ ಬಂದಿದ್ದ. ಗೇಟಿನ ಪಕ್ಕದ ಖೋಲಿಯೇ ಅವನ ಮನೆ, ಹೆಂಡತಿಯೂ ಅಲ್ಲೇ ಇದ್ದಳು. ಕೆಲಸ ಹೋದರೆ ಖೋಲಿಯೂ ಹೋಗುತ್ತಿತ್ತು.

ನಾಲ್ಕನೆಯ ಸಲ ಪಂಪು ಕೆಟ್ಟ ಶನಿವಾರ ಮಧ್ಯಾಹ್ನ ಮನೆಯವರು ಕಾಂಟ್ರ್ಯಾಕ್ಟರನಿಗೆ ಕಾಗದ ಬರೆಯಲು ಕೂತರು. ಅವರ ಅಕ್ಷರ ಅವರಿಗೇ ಓದಲು ಬರುವುದಿಲ್ಲ. ಕಚ್ಚಾ ಪ್ರತಿ ಅವರದು, ಶುದ್ಧ ಪ್ರತಿ ನನ್ನದು, ಇದು ನಮ್ಮ ಮನೆಯ ಒಪ್ಪಂದ. ನಾನು ಕಾರ್ಬನ್ ಹಾಳೆ ಇಟ್ಟುಕೊಂಡು ಬರೆಯತೊಡಗಿದೆ.

‘ವಿಷಯ: ಸಂಪಿನ ಪಂಪು ಪದೇ ಪದೇ ಕೆಡುತ್ತಿರುವ ಬಗ್ಗೆ ಹಾಗೂ ನಿರ್ವಹಣೆಯ ವೇಳಾಪಟ್ಟಿ ಕೊಡುವ ಬಗ್ಗೆ. ಮಾನ್ಯರೇ, ಈ ಕೆಳಗಿನ ದಿನಗಳಂದು ಪಂಪು ಕೆಟ್ಟಿದ್ದು, ಹಿಂದಿನ ಮೂರು ಸಲ ತಮ್ಮ ಕಡೆಯಿಂದ ದುರಸ್ತಿಯಾಗಿದ್ದರೂ ಮೂಲ ಕಾರಣ ತಿಳಿದುಬಂದಿಲ್ಲ. ನೀರು ತುಂಬದೆ ಪಂಪು ಚಾಲೂ ಮಾಡಿದ್ದೇ ಕಾರಣವೆಂದು ತಾವು ಬಾಯಿಮಾತಿನಲ್ಲಿ ತಿಳಿಸಿರುತ್ತೀರಿ. ಅದನ್ನೇ ಬರವಣಿಗೆಯಲ್ಲಿ ಕೊಟ್ಟಲ್ಲಿ ನಮ್ಮ ವಾಚ್‌ಮನ್ನನನ್ನು ಕೆಲಸದಿಂದ ಬಿಡಿಸಲಾಗುವುದು…’

ಇಲ್ಲಿ ಪೆನ್ನು ನಿಂತಿತು. ‘ಇದು ಬೇಕೇನ್ರಿ?’ ಎಂದೆ.

‘ಕಮಿಟಿಯವ್ರೆಲ್ಲಾ ಹಂಗ ಹೇಳ್ಯಾರ. ಅಂವಾ ಬರದ ಕೊಟ್ರ ಮುಗೀತು, ನನ್ನ ಕೈಯಾಗ ಏನೂ ಇಲ್ಲ’ ಎಂದು ಅವರು ಕನ್ನಡಕ ಒರೆಸಿಕೊಂಡರು.

ಕೆಟ್ಟ ದಿನಗಳನ್ನು ಅವರು ಅಂದಾಜಿನಿಂದ ಗೀಚಿದ್ದರು. ಸರಿಯಾದ ತಾರೀಖು ನೋಡಲು ಗೋಡೆಯ ಕ್ಯಾಲೆಂಡರ್ ಇಳಿಸಿದೆ. ಹಾಲು ಬರದ ದಿನ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಪಂಪು ಕೆಟ್ಟ ದಿನ, ಎಲ್ಲ ಅದರಲ್ಲೇ ಗುರುತು ಮಾಡುತ್ತಿದ್ದೆ. ನಾಲ್ಕೂ ದಿನಗಳ ಮೇಲೆ ಬೆರಳಿಟ್ಟರೆ ನಾಲ್ಕೂ ಶನಿವಾರ. ಶನಿದೇವರಿಗೂ ನಮ್ಮ ಪಂಪಿಗೂ ಏನು ಹಗೆ ಎಂದು ಮೊದಲು ನಗು ಬಂತು. ಆಮೇಲೆ ನಗು ನಿಂತು ಕುತೂಹಲ ಹುಟ್ಟಿತು. ಶನಿವಾರವೇ ಯಾಕೆ? ವಾಚ್‌ಮನ್ ಮರೆಗುಳಿಯಾದರೆ ಮಂಗಳವಾರವೂ ಮರೆಯಬೇಕಲ್ಲ.

ಕಾಗದವನ್ನು ಅರ್ಧಕ್ಕೆ ಬಿಟ್ಟು ಕೆಳಗಿಳಿದೆ. ಅವನು ಖೋಲಿಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಬೆಳಿಗ್ಗೆ ಪಂಪು ಹಚ್ಚುವ ಮೊದಲು ಏನೇನು ಮಾಡುತ್ತಾನೆ ಎಂದು ಕೇಳಿದೆ. ನಾನೂ ಬಯ್ಯಲು ಬಂದೆನೆಂದು ಅವನ ಮುಖ ಸಣ್ಣದಾಯಿತು.

‘ನೀರ ಕುಡಿಸೇ ಹಚ್ಚೇನ್ರಿ ಅಕ್ಕಾರ. ಬ್ಯಾರೆ ದಿನಾ ಒಂದ ತಂಬಿಗಿ ಹಾಕಿದ್ರ ತುಂಬಿ ನಿಂದರ್ತದ. ಇವತ್ತ ಮಾತ್ರ ಹೊಟ್ಟಿ ತುಂಬ ಕುಡೀತ್ರಿ. ಎರಡ ಕೊಡ! ಛಲೋನ ಆತು ಅಂತ ಬಟನ್ ಒತ್ತೇನಿ.’

ಹಿಂದಿನ ಮೂರು ಸಲವೂ ಹಾಗೆಯೇ ಕುಡಿದಿತ್ತಂತೆ. ಎಮ್ಮೆ ಎರಡು ಬಕೀಟು ಹೆಚ್ಚಿಗೆ ಕುಡಿದರೆ ಒಳ್ಳೆಯದೇ. ಪಂಪನ್ನೂ ಅವನು ಎಮ್ಮೆಯಂತೆಯೇ ನೋಡುತ್ತಿದ್ದ. ಅವನು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಅನಿಸಿತು. ಆದರೆ ಎರಡು ಕೊಡ ನೀರು ಹೋದದ್ದೆಲ್ಲಿಗೆ? ನಾನು ಅಡಿಗೆಮನೆಯವಳು. ತಂಬಿಗೆ ಹಿಡಿಸುವ ಪಾತ್ರೆಗೆ ಎರಡು ಕೊಡ ಹಿಡಿಸಿತೆಂದರೆ ಅದರ ಬುಡ ತೂತು.

ಮೇಲೆ ಬಂದು ಇದನ್ನು ಹೇಳಿದಾಗ ಮನೆಯವರು, ಪಂಪು ಅಂದರೆ ನಿನ್ನ ಚರಿಗೆ ಅಲ್ಲ ಎಂದರು. ಆದರೂ ಕಾಂಟ್ರ್ಯಾಕ್ಟರ್ ಮರುದಿನ ಹೇಗೂ ಬರುತ್ತಾನೆ, ಕಾಗದ ಕೈಯಾರೆ ಕೊಟ್ಟರಾಯಿತು ಎಂದು ಒಪ್ಪಿದರು. ಆ ರವಿವಾರ ಅವರಿಗೆ ಕಾರ್ಖಾನೆಯ ಪಾಳಿ ಇರಲಿಲ್ಲ. ಅದನ್ನೂ ಒಂದು ಬೆರಳಿಗೆ ಎಣಿಸಿದೆ.

ಕಾಂಟ್ರ್ಯಾಕ್ಟರ್ ಹೊಸ ಸೀಲು ತಂದು, ಮೋಟರ್ ಬಿಚ್ಚಲು ಕೂತ. ನಾನು ಚಹಾ ತೆಗೆದುಕೊಂಡು ಹೋಗಿ, ಪಂಪಿಗೆ ಹಾಕಿದ ನೀರು ಎಲ್ಲಿ ಸೋರಬಹುದು ಎಂದು ಕೇಳಿದೆ. ಅವನಿಗೆ ತಮಾಷೆ ಎನಿಸಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರ ಕಡೆ ತಿರುಗಿದ.

‘ವೈನಿಯವರು ಮೆಕ್ಯಾನಿಕ್ ಆದ್ರು, ಸಾಹೇಬ್ರ. ನನ್ನ ಅನ್ನಕ್ಕ ಕಲ್ಲ ಬೀಳೂದು ಖರೇ.’

ನಗುತ್ತಲೇ ಆದರೂ ಬಿಡಿಸಿ ಹೇಳಿದ. ಪಂಪಿನಿಂದ ಸಂಪಿಗೆ ಇಳಿದ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಎಂಬ ಹಿತ್ತಾಳೆಯ ಬುಡ್ಡೆ ಇರುತ್ತದೆ. ಕೆಳಗೆ ಜಾಳಿಗೆ, ಒಳಗೆ ಒಂದು ಮುಚ್ಚಳ. ಪಂಪು ಎಳೆದಾಗ ಮುಚ್ಚಳ ಏಳುತ್ತದೆ, ನಿಂತಾಗ ಕೂತು ಪೈಪಿನ ನೀರನ್ನು ಹಿಡಿದಿಡುತ್ತದೆ. ಅದು ಸರಿಯಾಗಿ ಕೂರದಿದ್ದರೆ ರಾತ್ರಿಯೆಲ್ಲ ನೀರು ಮರಳಿ ಸಂಪಿಗೆ ಜಾರಿ ಪೈಪು ಖಾಲಿ. ಇಷ್ಟು ಹೇಳುವಷ್ಟರಲ್ಲಿ ವಾಚ್‌ಮನ್ನನ ಎರಡು ಕೊಡದ ಮಾತನ್ನು ನಾನು ಹೇಳಿದೆ. ಕಾಂಟ್ರ್ಯಾಕ್ಟರನ ನಗು ಮೆಲ್ಲಗೆ ಇಳಿಯಿತು. ಫುಟ್‌ವಾಲ್ವನ್ನು ಹಿಂದಿನ ಮೂರು ಸಲದಲ್ಲಿ ಒಮ್ಮೆಯೂ ಅವನು ಮೇಲೆತ್ತಿ ನೋಡಿರಲಿಲ್ಲ. ಪೈಪು ಹಿಡಿದು ಅಲುಗಾಡಿಸಿದರೆ ಮುಚ್ಚಳ ಕೂತು ನೀರು ನಿಲ್ಲುತ್ತಿತ್ತು, ಅಷ್ಟಕ್ಕೇ ಹೊರಟುಹೋಗುತ್ತಿದ್ದ.

ಸಂಪಿನ ಕಬ್ಬಿಣದ ಮುಚ್ಚಳ ಸರಿಸಿ ಪೈಪು ಎಳೆದರು. ಬುಡ್ಡೆ ಮೇಲೆ ಬಂದಾಗ ಅದರ ಜಾಳಿಗೆಯ ಸುತ್ತ ಏನೋ ಸುತ್ತಿಕೊಂಡಿತ್ತು. ದಾರ. ಕೊಳೆತ ಎಸಳು ಅಲ್ಲಲ್ಲಿ ಅಂಟಿದ್ದ ದಾರ. ಒಂದು ತುದಿ ತೂತಿನೊಳಗೆ ನುಸುಳಿ ಮುಚ್ಚಳದ ಅಡಿಗೆ ಸಿಕ್ಕಿಕೊಂಡಿತ್ತು.

ನನಗೆ ಗುರುತು ಹತ್ತಿತು. ನಾನೇ ಅರಿಷಿಣದ ನೀರಿನಲ್ಲಿ ಅದ್ದಿದ ದಾರ ಅದು.

ಸೊಸೈಟಿಗೆ ಮೊದಲ ಸಲ ನೀರು ಬಂದಾಗ ಎಲ್ಲರೂ ಕೂಡಿ ಸಂಪಿಗೆ ಗಂಗಾಪೂಜೆ ಮಾಡಿದ್ದೆವು. ಉಳಿದವರು ಮರೆತರು, ನಾನು ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಸಂಪಿಗೆ ಅರಿಷಿಣ ಕುಂಕುಮ ಏರಿಸಿ, ಮುಚ್ಚಳ ಸರಿಸಿ ಗಂಗವ್ವನಿಗೆ ಹೂ ಬಿಡುತ್ತಿದ್ದೆ. ಸಾಮಾನ್ಯ ಶುಕ್ರವಾರಗಳಲ್ಲಿ ಕುಂಡದಲ್ಲಿ ಬಿಟ್ಟ ಒಂದು ದಾಸವಾಳ. ಹಬ್ಬದ ಶುಕ್ರವಾರ ಹೂವಾಡಗಿತ್ತಿ ಬಂದರೆ ಸೇವಂತಿಗೆ ಕೊಂಡು, ನಾನೇ ಕಟ್ಟಿ, ಮೊಳದುದ್ದದ ದಂಡೆ. ಸಂಜೆ ಪಂಪು ಹಚ್ಚಿದಾಗ ಗಂಗವ್ವನ ದಂಡೆ ಜಾಳಿಗೆಯ ಕಡೆ ನಡೆದುಹೋಗುತ್ತಿತ್ತು. ಆ ವರ್ಷ ಅಂಥ ಶುಕ್ರವಾರ ನಾಲ್ಕು ಬಂದಿದ್ದವು. ಶನಿವಾರದ ಗುಟ್ಟು ಇಷ್ಟೇ.

ಆ ಭಾರದ ಮುಚ್ಚಳವನ್ನು ನನಗಾಗಿ ಪ್ರತಿ ವಾರ ಸರಿಸಿಕೊಡುತ್ತಿದ್ದವನು ವಾಚ್‌ಮನ್. ಈಗ ಪಂಪಿನ ಮನೆಯ ಬಾಗಿಲಲ್ಲಿ ನಿಂತು ದಾರ ನೋಡುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಬಾಯಿ ಬಿಡುವವನೂ ಅಲ್ಲ ಎಂದು ತಿಳಿಯಿತು. ನಾನು ಸುಮ್ಮನಿದ್ದರೆ, ಯಾವುದೋ ಹಾಳು ದಾರ ಗಾಳಿಗೆ ಬಿದ್ದಿತ್ತು ಎಂದು ಆಗಿಹೋಗುತ್ತಿತ್ತು. ಆದರೆ ಮೇಲೆ ಮೇಜಿನ ಮೇಲೆ ನನ್ನ ದುಂಡನೆಯ ಅಕ್ಷರದಲ್ಲಿ ಆ ಕಾಗದ ಇತ್ತು.

‘ದಾರ ನಂದು, ಗಂಗವ್ವಗ ಬಿಟ್ಟ ದಂಡೀದು. ಇವನ ತಪ್ಪಿಲ್ಲ’ ಎಂದೆ.

ಮನೆಯವರು ಕೆಮ್ಮಿದರು. ಕಾಂಟ್ರ್ಯಾಕ್ಟರ್ ದಾರವನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡ. ಬಯ್ಯುತ್ತಾನೆ ಎಂದುಕೊಂಡೆ. ‘ಎತ್ತಿ ನೋಡದಿದ್ದದ್ದು ನಂದೂ ತಪ್ಪ ಐತ್ರಿ ವೈನಿ. ಗಂಗವ್ವ ನಾಲ್ಕ ಸಲ ಹೇಳಿ ಕಳಿಸ್ಯಾಳ, ನನಗ ಕೇಳಿಲ್ಲ’ ಎಂದ.

ಯಾಕೆ ಹೇಳಲಿಲ್ಲ ಎಂದು ವಾಚ್‌ಮನ್ನನನ್ನು ಆಮೇಲೆ ಕೇಳಿದೆ. ದಾರದ ವಿಷಯ ಅವನಿಗೂ ಗೊತ್ತಿರಲಿಲ್ಲವಂತೆ. ತೇಲುವ ಎಸಳುಗಳನ್ನು ಮಾತ್ರ ಹಿಟ್ಟಿನ ಸಾಣಿಗೆಯಿಂದ ತೆಗೆಯುತ್ತಿದ್ದನಂತೆ. ಹಂಗಾದರೆ ಹೂ ಬಿಡಬೇಡಿ ಎನ್ನಬಹುದಿತ್ತಲ್ಲ ಎಂದರೆ, ‘ದೇವರ ಕೆಲಸಕ್ಕ ನಾ ಹೆಂಗ ಅಡ್ಡ ಬರ್ಲಿರಿ?’ ಎಂದ. ಅವನ ಹೆಂಡತಿ ಒಳಗಿನಿಂದ, ಆ ಸಾಣಿಗೆ ನನ್ನದು, ಅದಕ್ಕೂ ದೇವರು ಪುಣ್ಯ ಬರೆದುಕೊಳ್ಳಲಿ ಎಂದಳು.

ಅಂದು ಮಧ್ಯಾಹ್ನ ಹಳೆಯ ಕಾಗದ ಹರಿದು ಹೊಸದು ಬರೆದೆ. ಈ ಸಲ ಕಚ್ಚಾ ಪ್ರತಿಯಲ್ಲೂ ನನ್ನ ಮಾತುಗಳಿದ್ದವು. ಕಾಂಟ್ರ್ಯಾಕ್ಟರ್ ಎದುರಿಗೇ ಕೂತು, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುತ್ತಿದ್ದ. ತಿಂಗಳಿಗೊಮ್ಮೆ ಅವನು ಫುಟ್‌ವಾಲ್ವ್ ಎತ್ತಿ ಜಾಳಿಗೆ ತೊಳೆದು ಮುಚ್ಚಳ ನೋಡತಕ್ಕದ್ದು, ಸೀಲು ಜಿನುಗುತ್ತಿದೆಯೇ ಪರೀಕ್ಷಿಸತಕ್ಕದ್ದು. ವಾರಕ್ಕೊಮ್ಮೆ ಎಂದು ಮನೆಯವರು ಪಟ್ಟು ಹಿಡಿದರು, ಹಳಿಯಾಳದಿಂದ ವಾರವಾರ ಬರಲಾಗದು ಎಂದು ಅವನು. ತಿಂಗಳಿಗೇ ನಿಂತಿತು. ಆರು ತಿಂಗಳಿಗೊಮ್ಮೆ ಸಂಪು ಖಾಲಿ ಮಾಡಿ ತೊಳೆಯುವುದು. ಪ್ರತಿ ಭೇಟಿಯನ್ನೂ ಪಂಪಿನ ಮನೆಯಲ್ಲಿ ತೂಗುಹಾಕಿದ ವಹಿಯಲ್ಲಿ ಬರೆದು ಸಹಿ ಮಾಡುವುದು. ಕಮಿಟಿಯವರಿಗೆ ಮನೆಯವರಿಂದ ಹೇಳಿಸಿ ನಾನೇ ಬರೆದ ಸಾಲು ಇದು: ‘ಪಂಪು ಒಂದು ತಂಬಿಗೆಗಿಂತ ಹೆಚ್ಚು ನೀರು ಕುಡಿದಲ್ಲಿ ವಾಚ್‌ಮನ್ನನು ಬಟನ್ ಒತ್ತದೆ ತಮಗೆ ತಿಳಿಸುವನು.’ ‘ಕುಡಿದಲ್ಲಿ’ ಎಂಬುದು ಕಚೇರಿಯ ಮಾತಲ್ಲ ಎಂದು ಮನೆಯವರು ತಿದ್ದಲು ಹೋದರು. ಇರಲಿ, ಓದುವವನಿಗೆ ಅದೇ ತಿಳಿಯುತ್ತದೆ ಎಂದು ಕಾಂಟ್ರ್ಯಾಕ್ಟರ್ ಬಿಡಿಸಿದ.

ಸಂಪಿನ ಮುಚ್ಚಳಕ್ಕೆ ಕೀಲಿ ಹಾಕಬೇಕೆಂದೂ ಬರೆದೆವು. ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು, ನಿಜ. ಆದರೆ ಪೂಜೆ ಮುಚ್ಚಳದ ಮೇಲೂ ಆಗುತ್ತದೆ.

ಕೀಲಿಕೈ ವಾಚ್‌ಮನ್ನನ ಉಡಿದಾರಕ್ಕೆ ಬಂತು. ಮುಂದಿನ ಶುಕ್ರವಾರ ನಾನು ತಟ್ಟೆ ಹಿಡಿದು ಇಳಿದಾಗ ಅವನು ಸಂಪಿನ ಬಳಿ ನಿಂತಿದ್ದ. ತಟ್ಟೆಯೊಳಗೆ ಇಣುಕಿದ. ಒಂದೇ ಒಂದು ದಾಸವಾಳ.

‘ದಾರ ಇಲ್ಲಲ್ರಿ ಅಕ್ಕಾರ?’

‘ನೋಡ್ಕೊ’ ಎಂದು ತಟ್ಟೆ ಚಾಚಿದೆ.

ಅವನು ಸೊಂಟಕ್ಕೆ ಕೈಕೊಟ್ಟು ಕಸ್ಟಮ್ಸ್ ಸಾಹೇಬನಂತೆ ಹೂವನ್ನು ತಿರುವಿ ನೋಡಿದ. ಗೋವಾ ಗಡಿಯ ಅನಮೋಡದ ನಾಕೆಯಲ್ಲಿಯೂ ಇಷ್ಟು ತಪಾಸಣೆ ಇಲ್ಲ ಎಂದು ನಾನು ನಕ್ಕೆ. ಕೀಲಿ ಹಾಕಿದ ಮುಚ್ಚಳದ ಮೇಲೆ ಅರಿಷಿಣ ಕುಂಕುಮ ಇಟ್ಟು ಹೂ ಏರಿಸಿದೆ. ಮರುದಿನ ಶನಿವಾರ ಬೆಳಿಗ್ಗೆ ಕಿಟಕಿಯಿಂದ ಕೆಳಗೆ ನೋಡುತ್ತ ನಿಂತಿದ್ದೆ. ಅವನು ತಂಬಿಗೆ ಹಿಡಿದು ಪಂಪಿನ ಮನೆಗೆ ಹೋದ. ಹೊರಗೆ ಬಂದು, ನಾನಿರುತ್ತೇನೆಂದು ಗೊತ್ತಿದ್ದವನಂತೆ ಮೇಲೆ ನೋಡಿ, ತಂಬಿಗೆ ಓರೆ ಮಾಡಿ ತೋರಿಸಿದ. ಅರ್ಧ ತಂಬಿಗೆ ನೀರು ಇನ್ನೂ ಉಳಿದಿತ್ತು.